ಊಟದ ಕೂಪನ್ ಬೇಕೇ? ಮೊದಲು ತೆರಿಗೆ ಪದ್ಧತಿ ನೋಡಿ

ಕ್ಯಾಂಪಸ್ ಸಂದರ್ಶನ ಮುಗಿಸಿ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರದಲ್ಲೇ ಎಚ್‌.ಆರ್‌. ವಿಭಾಗದಿಂದ ಒಂದು ಅರ್ಜಿ ಬರುತ್ತದೆ. ಊಟದ ಕಾರ್ಡ್, ಮಕ್ಕಳ ಶಿಕ್ಷಣ ಭತ್ಯೆಯಂಥ ಸೌಲಭ್ಯಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಿ ಎನ್ನುತ್ತದೆ ಅದು. ಇವೆಲ್ಲ ಸಂಬಳದ ಮೇಲೆ ಸಿಗುವ ಹೆಚ್ಚುವರಿ ಹಣ ಎಂದು ಹಲವರು ತಿಳಿಯುತ್ತಾರೆ. ಸಾಮಾನ್ಯವಾಗಿ ಅದು ನಮ್ಮದೇ ಸಿಟಿಸಿಯ ಒಂದು ತುಂಡು. ವಿಶೇಷ ಭತ್ಯೆಯಿಂದ ತೆಗೆದು ಬೇರೆ ಹೆಸರಿನಲ್ಲಿ ಕೊಡುತ್ತಾರೆ, ಅಷ್ಟೆ.

2025–26ನೇ ಸಾಲಿನ ಲೆಕ್ಕವನ್ನೇ ನೋಡೋಣ. ಹಳೆಯ ತೆರಿಗೆ ಪದ್ಧತಿಯಲ್ಲಿ ಕೂಪನ್‌ನ ಒಂದು ಊಟಕ್ಕೆ 50 ರೂಪಾಯಿವರೆಗೆ ತೆರಿಗೆಯಿಲ್ಲ. ದಿನಕ್ಕೆ ಎರಡು ಊಟ, ತಿಂಗಳಿಗೆ 22 ದಿನ ಎಂದರೆ 2,200 ರೂಪಾಯಿ. ಕಾರ್ಡ್ ಆರಿಸಿದರೆ ಈ ಮೊತ್ತ ಬ್ಯಾಂಕ್ ಖಾತೆಗೆ ಬರುವುದಿಲ್ಲ, ಕಾರ್ಡಿಗೆ ಹೋಗುತ್ತದೆ. ಶೇ 20ರ ತೆರಿಗೆ ಹಂತದಲ್ಲಿರುವವರಿಗೆ ಸೆಸ್ ಸೇರಿ ತಿಂಗಳಿಗೆ ಸುಮಾರು 458 ರೂಪಾಯಿ ತೆರಿಗೆ ಉಳಿಯುತ್ತದೆ. ಅಂದರೆ ಕೈಗೆ ಬರುವ ಸಂಬಳ 1,742 ರೂಪಾಯಿ ಇಳಿಯುತ್ತದೆ, ಕಾರ್ಡಿನಲ್ಲಿ 2,200 ಇರುತ್ತದೆ. ಇದು ನಿಜವಾದ ಲಾಭ.

ಹೊಸ ಪದ್ಧತಿಯಲ್ಲಿ ಕೂಪನ್‌ಗೆ ಈ ವಿನಾಯಿತಿ ಇಲ್ಲ. ತಿಂಗಳಿಗೆ 50 ಸಾವಿರ ಪಡೆಯುವ ಹೊಸಬರನ್ನು ತೆಗೆದುಕೊಳ್ಳಿ. ವರ್ಷಕ್ಕೆ 12.75 ಲಕ್ಷದವರೆಗಿನ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಹೇಗೂ ತೆರಿಗೆ ಬೀಳುವುದಿಲ್ಲ. ಹಾಗಾಗಿ ಅವರಿಗೆ ಉಳಿತಾಯ ಸೊನ್ನೆ, ಖಾತೆಗೆ ಬರುವ ಹಣ ಮಾತ್ರ ಪೂರ್ತಿ 2,200 ರೂಪಾಯಿ ಕಡಿಮೆ. ಪಿ.ಜಿ.ಯಲ್ಲಿ ಊಟ ಸೇರಿಸಿಯೇ ಬಾಡಿಗೆ ಕೊಡುವವರಿಗೆ, ಕಾರ್ಡ್ ಒಪ್ಪದ ದರ್ಶಿನಿಯಲ್ಲಿ ತಿಂಡಿ ತಿನ್ನುವವರಿಗೆ ಆ ಹಣ ಕಟ್ಟಿಹಾಕಿದಂತೆ. ಬಾಡಿಗೆಗೋ ಶಿಕ್ಷಣ ಸಾಲದ ಕಂತಿಗೋ ಅದು ಒದಗುವುದಿಲ್ಲ.

ಮಕ್ಕಳ ಭತ್ಯೆಯ ಹೆಸರು ಇನ್ನೂ ಆಕರ್ಷಕ, ಲಾಭ ಇನ್ನೂ ಚಿಕ್ಕದು. ಇದೇ ಸಾಲಿನಲ್ಲಿ ಹಳೆಯ ಪದ್ಧತಿಯಲ್ಲಿ ಒಂದು ಮಗುವಿಗೆ ತಿಂಗಳಿಗೆ 100 ರೂಪಾಯಿಯಂತೆ ಇಬ್ಬರಿಗೆ ಮಾತ್ರ ವಿನಾಯಿತಿ. ಶೇ 20ರ ಹಂತದಲ್ಲಿ ಉಳಿಯುವುದು ವರ್ಷಕ್ಕೆ 499 ರೂಪಾಯಿ. ಶಿಶುಪಾಲನಾ ಕೇಂದ್ರದ ಶುಲ್ಕಕ್ಕೆಂದು ನಗದಾಗಿ ಕೊಡುವ ಭತ್ಯೆಗೆ ಸಂಬಳದಂತೆಯೇ ತೆರಿಗೆ.

ಅರ್ಜಿಯ ಜತೆಗೆ ಎರಡೂ ಪದ್ಧತಿಗಳ ಲೆಕ್ಕವನ್ನು ಒಂದೇ ಪುಟದಲ್ಲಿ ಕೊಡುವುದು ಕಂಪನಿಗಳ ಹೊಣೆ ಎಂಬುದು ನನ್ನ ವಾದ. ಕೊಡದಿದ್ದರೆ ನಾವೇ ಮೂರು ಪ್ರಶ್ನೆ ಕೇಳಬೇಕು: ನನ್ನ ತೆರಿಗೆ ಯಾವ ಪದ್ಧತಿಯಲ್ಲಿ ಕಡಿತವಾಗುತ್ತದೆ? ಕಾರ್ಡ್ ಬೇಡವೆಂದರೆ ಆ ಹಣ ಸಂಬಳಕ್ಕೆ ಸೇರುತ್ತದೆಯೇ? ವರ್ಷದ ನಡುವೆ ಆಯ್ಕೆ ಬದಲಿಸಬಹುದೇ? ಮೊದಲ ಪೇಸ್ಲಿಪ್ ಬಂದಾಗ ಕಡಿತದ ಕಾಲಂನಲ್ಲಿ ಊಟದ ಮೊತ್ತವಿದ್ದು, ತೆರಿಗೆ ಒಂದು ರೂಪಾಯಿಯೂ ಇಳಿದಿಲ್ಲವಾದರೆ, ಆ ಆಯ್ಕೆಯಿಂದ ತೆರಿಗೆಯ ಲಾಭ ಸಿಕ್ಕಿಲ್ಲ ಎಂದೇ ಅರ್ಥ.