ಅಕ್ಷರ ಹಿಗ್ಗಲಿ, ತೆರೆ ಇಕ್ಕಟ್ಟಾಗದಿರಲಿ

ಮನೆಯ ಹಿರಿಯರ ಕೈಗೆ ಮೊಬೈಲು ಬಂದೊಡನೆ ನಾವು ವಿದ್ಯಾರ್ಥಿಗಳು ಮಾಡುವ ಮೊದಲ ಉಪಕಾರವೆಂದರೆ, ಅದರೊಳಗಿನದನ್ನೆಲ್ಲ ದೊಡ್ಡದು ಮಾಡಿಬಿಡುವುದು. ಇದು ಉಪಕಾರವಲ್ಲವೆಂಬುದು ನನ್ನ ಅಭಿಪ್ರಾಯ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ.

ತಿಕೋಟಾದಲ್ಲಿರುವ ನಮ್ಮ ಮುತ್ತ್ಯಾನವರಿಗೆ ಎಪ್ಪತ್ತಾರು ವರ್ಷ. ಕಳೆದ ರಜೆಯಲ್ಲಿ ಅವರ ಫೋನಿನ Settings ತೆರೆದು, Display ಎಂಬಲ್ಲಿದ್ದ Font size, Display size ಎರಡನ್ನೂ ಕೊನೆಯ ಮಟ್ಟಕ್ಕೆ ಏರಿಸಿ, ಹೆಮ್ಮೆಯಿಂದ ವಿಜಯಪುರಕ್ಕೆ ಮರಳಿದೆ. ಮುಂದಿನ ವಾರ ಬಬಲೇಶ್ವರದ ಅತ್ತೆ, ತಾನು ಬರುವುದಾಗಿಯೂ ಬಸ್‌ಸ್ಟ್ಯಾಂಡಿಗೆ ಬರಬೇಕೆಂದೂ ಸಂದೇಶ ಕಳಿಸಿದ್ದಳು. ತೆರೆಯ ಮೇಲೆ ಐದೇ ಹೆಸರು ಹಿಡಿಯುತ್ತಿದ್ದವು. ಅತ್ತೆಯದು ಅದರ ಕೆಳಗೆ ಉಳಿದುಹೋಯಿತು. ಆಕೆ ಗಂಟು ಹೊತ್ತು ಬಿಸಿಲಿನಲ್ಲಿ ಒಂದು ತಾಸು ನಿಂತಳು. "ನೀ ಅಕ್ಷರ ದೊಡ್ಡದು ಮಾಡಿದಿ ತಮ್ಮಾ, ಫೋನು ಸಣ್ಣದಾತು," ಎಂದರು ಮುತ್ತ್ಯಾ.

ಅವರ ಮಾತೇ ಸರಿ. ಗೋಡೆಯ ಕ್ಯಾಲೆಂಡರಿನಲ್ಲಿ ಅಂಕಿಗಳನ್ನಷ್ಟೇ ದಪ್ಪಗೆ ಅಚ್ಚುಹಾಕುವುದು ಬೇರೆ; ಚೌಕ, ಚಿತ್ರ, ಅಂಚುಗಳನ್ನೆಲ್ಲ ಹಿಗ್ಗಿಸುವುದು ಬೇರೆ. Font size ಮೊದಲನೆಯದು, Display size ಎರಡನೆಯದು. ಚಿತ್ರ, ಗುಂಡಿ, ನಡುವಿನ ಖಾಲಿ ಜಾಗ ಇವೆಲ್ಲ ಬೆಳೆದರೆ ಓದುವ ಸಾಲುಗಳಿಗೆ ಸ್ಥಳವೆಲ್ಲಿ?

ಆದ್ದರಿಂದ ಈ ಸಲ ಮೊದಲು Display size ಅನ್ನು ಅತಿ ಸಣ್ಣ ಮಟ್ಟಕ್ಕೆ ಇಳಿಸಿದೆ. ಇದನ್ನೇ ಮೊದಲು ಮಾಡಬೇಕು. ಏಕೆಂದರೆ ಇದರೊಂದಿಗೆ ಅಕ್ಷರವೂ ಕುಗ್ಗುತ್ತದೆ. ಆಮೇಲೆ Font size ಏರಿಸುತ್ತ ಬಂದೆ. ಲೆಕ್ಕ ಸುಲಭ: ಮೊದಲನೆಯದು ನೂರಕ್ಕೆ 85 ಆಗಿ, ಎರಡನೆಯದು 130 ಆದರೆ, ಎರಡನ್ನೂ ಗುಣಿಸಿ ಸಾಮಾನ್ಯ ಅಕ್ಷರ ಸುಮಾರು 110 ಆಗುತ್ತದೆ. ಅಂದರೆ ಅಕ್ಷರ ಮೂಲಕ್ಕಿಂತ ದೊಡ್ಡದು, ಉಳಿದುದೆಲ್ಲ ಸಣ್ಣದು. ಈ ಮಟ್ಟಗಳು ಫೋನಿನಿಂದ ಫೋನಿಗೆ ಬೇರೆಯಾಗುತ್ತವೆ.

ಎಲ್ಲಿ ನಿಲ್ಲಿಸಬೇಕೆಂಬುದನ್ನು ಕನ್ನಡದ ಒತ್ತಕ್ಷರವೇ ಹೇಳುತ್ತದೆ. ಸಾಲಿನ ಕೆಳಗೆ ಸಣ್ಣದಾಗಿ ಕೂಡುವ ಒತ್ತೇ ಮೊದಲು ಮಸುಕಾಗುವುದು. 'ಒಣದ್ರಾಕ್ಷಿ' ಎಂಬ ಪದವನ್ನು ಮುತ್ತ್ಯಾ ಫೋನು ಹಿಡಿಯುವಷ್ಟೇ ದೂರದಿಂದ ಓದಿಸಿದೆ. ಎರಡು ಒತ್ತುಗಳೂ ಬಿಡಿಯಾಗಿ ಕಂಡಾಗ ನಿಲ್ಲಿಸಿದೆ. ಗುಂಡಿಯ ಮೇಲಿನ ಹೆಸರು ಅರ್ಧಕ್ಕೆ ತುಂಡಾದರೆ ಅಕ್ಷರ ಅತಿಯಾಯಿತೆಂದು ತಿಳಿಯಬೇಕು. ಈಗ ಅವರ ತೆರೆಯಲ್ಲಿ ಎಂಟು ಹೆಸರುಗಳು ಕಾಣುತ್ತವೆ.

ಇದಕ್ಕೂ ಮಿತಿಯುಂಟು. ಗುಂಡಿಗಳು ಸಣ್ಣವಾಗುವುದರಿಂದ ಬೆರಳು ನಡುಗುವವರಿಗೆ ಇದು ಹೊಂದದು. ಅವರಿಗೆ Display size ಮೊದಲಿದ್ದಂತೆಯೇ ಇರಲಿ, ಅಕ್ಷರ ಮಾತ್ರ ಏರಲಿ. ಚಿತ್ರವಾಗಿ ಬಂದ ಲಗ್ನಪತ್ರಿಕೆಯ ಅಕ್ಷರವನ್ನು Font size ಮುಟ್ಟುವುದೇ ಇಲ್ಲ. ಅದನ್ನು ತೆರೆದು ಎರಡು ಬೆರಳಿನಿಂದ ಹಿಗ್ಗಿಸಿಯೇ ಓದಬೇಕು.

ಹಿರಿಯರಿಗೆ ಫೋನು ತಿಳಿಯದೆಂದು ನಗುವ ಗೆಳೆಯರು, ಅದನ್ನು ಹೊಂದಿಸಿಕೊಟ್ಟವರಾರೆಂದು ಒಮ್ಮೆ ನೆನೆಯಲಿ. ನಮ್ಮ ಮನೆಯಲ್ಲಿ ಹೊಂದಿಸಿದವನು ನಾನು. ಬಿಸಿಲಿನಲ್ಲಿ ನಿಂತವಳು ಅತ್ತೆ.