ಮೊತ್ತ ಕೂಡಿದರೂ ಬಿಲ್ಲು ಕೂಡಲಿಲ್ಲ

‘ಟೋಟಲ್ ಕೂಡ್ಯದಲ್ರೀ, ಮತ್ತೇನ್ ನೋಡೋದು?’ ಕಲಬುರಗಿಯ ಲೆಕ್ಕದವರ ಮುಂದೆ ಅಂಗಡಿಕಾರರು ಕೇಳುವ ಮಾತಿದು. ಎಡವಟ್ಟು ಶುರುವಾಗುವುದೂ ಅಲ್ಲಿಂದಲೇ.

ಕಮಲಾಪುರದಲ್ಲೊಂದು ಪೈಪಿನ ಅಂಗಡಿ, ಅದಕ್ಕೆ ಕಲಬುರಗಿಯ ಹೋಲ್‌ಸೇಲ್ ವ್ಯಾಪಾರಿಯಿಂದ ಮಾಲು ಬರುತ್ತದೆ ಎಂದುಕೊಳ್ಳಿ. 2024ರ ಡಿಸೆಂಬರ್ ಖರೀದಿಯಲ್ಲಿ ಎರಡು ಬಿಲ್ಲು: ಎರಡು ಲಕ್ಷದ ಮಾಲಿಗೆ ತೆರಿಗೆ 36,000, ಒಂದು ಲಕ್ಷದ ಮಾಲಿಗೆ 18,000. ಒಟ್ಟು ಇನ್‌ಪುಟ್ ಕ್ರೆಡಿಟ್ 54,000. ಮಾರಿದವರು ಜಿಎಸ್‌ಟಿಆರ್-1ರಲ್ಲಿ ತೋರಿಸಿದ ಬಿಲ್ಲುಗಳಿಂದ ಮರುತಿಂಗಳ 14ಕ್ಕೆ ತಯಾರಾಗುವ 2ಬಿ ಪಟ್ಟಿಯಲ್ಲೂ 54,000. ಅಂಗಡಿಯವರು ನಿಶ್ಚಿಂತೆಯಿಂದ 3ಬಿ ಸಲ್ಲಿಸುತ್ತಾರೆ.

ಆದರೆ 2ಬಿಯಲ್ಲಿದ್ದ 18,000 ಡಿಸೆಂಬರಿನದಲ್ಲ. ಅದು ನವೆಂಬರಿನಲ್ಲಿ ತಂದ ಅಷ್ಟೇ ಬೆಲೆಯ ಮಾಲಿನದು; ವ್ಯಾಪಾರಿ ತಡವಾಗಿ ತೋರಿಸಿದ್ದಾರೆ. ಅಂಗಡಿಯವರು ಅದರ ಕ್ರೆಡಿಟ್ ಇನ್ನೂ ಪಡೆದಿಲ್ಲ. ಡಿಸೆಂಬರಿನ ಬಿಲ್ಲನ್ನು ವ್ಯಾಪಾರಿಯ ಗುಮಾಸ್ತ ಜಿಎಸ್‌ಟಿ ನಂಬರ್ ಹಾಕದೆ ಚಿಲ್ಲರೆ ಮಾರಾಟದಲ್ಲಿ ಸೇರಿಸಿಬಿಟ್ಟಿದ್ದಾನೆ. ವ್ಯಾಪಾರಿ ತೆರಿಗೆ ಕಟ್ಟಿದ್ದರೂ ಆ ಬಿಲ್ಲು ಕಮಲಾಪುರದ ಪಟ್ಟಿಗೆ ಬರುವುದೇ ಇಲ್ಲ.

ಮೊತ್ತ ಹೊಂದಿದ್ದರಿಂದ ಪೋರ್ಟಲ್ ತಕರಾರು ತೆಗೆಯುವುದಿಲ್ಲ. ಮುಂದೆಂದೋ ಲೆಕ್ಕ ತಪಾಸಣೆಯಲ್ಲಿ ಬಿಲ್ಲುಬಿಲ್ಲಾಗಿ ನೋಡಿದಾಗ ಡಿಸೆಂಬರಿನ ಕ್ರೆಡಿಟ್ ವಾಪಸ್ ಕೇಳುತ್ತಾರೆ. ಅದನ್ನು ಬಳಸಿದ್ದರೆ ಶೇ 18 ಬಡ್ಡಿಯೂ ಬೀಳುತ್ತದೆ. ‘ನವೆಂಬರಿನದು ಪಡೆದೇ ಇಲ್ಲವಲ್ಲ’ ಎಂದರೆ, 2024–25ರ ಬಿಲ್ಲುಗಳಿಗೆ ಗಡುವು 2025ರ ನವೆಂಬರ್ 30ಕ್ಕೇ ಮುಗಿದಿದೆ.

ಆದ್ದರಿಂದ ಮಾರಿದವರ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಖು, ತೆರಿಗೆ ನಾಲ್ಕನ್ನೂ ಸಾಲುಸಾಲಾಗಿ ತಾಳೆ ನೋಡಬೇಕು. ಪುಸ್ತಕದಲ್ಲಿ ಬರೀ ‘187’, 2ಬಿಯಲ್ಲಿ ವರ್ಷವೂ ಸೇರಿದ ಉದ್ದನೆಯ ನಂಬರ್ ಇದ್ದರೆ ಎಕ್ಸೆಲ್ ಅವನ್ನು ಬೇರೆಬೇರೆ ಎನ್ನುತ್ತದೆ. ಅದು ನಿಜವಾದ ವ್ಯತ್ಯಾಸವಲ್ಲ. ಮಾರಿದವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ ಬಿಲ್ಲು ತಡವಾಗುವುದೂ ಸಹಜ. ತ್ರೈಮಾಸಿಕ ಮುಗಿದ ಮೇಲೂ ಕಾಣದ ಬಿಲ್ಲಿಗೆ ಫೋನ್ ಹಚ್ಚಲೇಬೇಕು. ತಿದ್ದುವ ಅಧಿಕಾರ ಮಾರಿದವರದು, ಖರೀದಿದಾರರದಲ್ಲ.

ನನ್ನ ತಕರಾರು ಇಲ್ಲೇ. ವ್ಯಾಟ್ ಕಾಲದ ಇಕಾಮ್ ಗಿಲ್ ಕಾಫಿ ಪ್ರಕರಣದಲ್ಲಿ, ಬಿಲ್ಲು ಮತ್ತು ಚೆಕ್ ತೋರಿಸಿದರೆ ಸಾಲದು, ಮಾಲು ನಿಜವಾಗಿ ಬಂದದ್ದನ್ನು ಕ್ರೆಡಿಟ್ ಕೇಳುವವರೇ ರುಜುವಾತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರದ ಪರ ತೀರ್ಪಿತ್ತಿತು. ಖೊಟ್ಟಿ ಬಿಲ್ಲಿನವರಿಗೆ ಅದು ಸರಿಯೇ. ಲಾರಿ ಬಾಡಿಗೆ ಚೀಟಿಯನ್ನೂ ಜೋಪಾನವಾಗಿಟ್ಟ ಪೈಪಿನಂಗಡಿಯವರು ಮಾತ್ರ ಪಕ್ಕದೂರಿನ ಗುಮಾಸ್ತನ ಕೈತಪ್ಪಿಗೆ ಏಕೆ ದಂಡ ತೆರಬೇಕು? ಇಬ್ಬರ ರಿಟರ್ನೂ ಇಲಾಖೆಯ ಕಂಪ್ಯೂಟರಿನಲ್ಲೇ ಇವೆ. ಸದ್ಯಕ್ಕಂತೂ ಬಿಲ್ಲು 2ಬಿಯಲ್ಲಿ ಕಾಣುವವರೆಗೆ ತೆರಿಗೆಯ 18,000 ತಡೆಹಿಡಿದು, ಮಾಲಿನ ದುಡ್ಡಷ್ಟೇ ಕೊಡುತ್ತೇವೆಂದು ಮೊದಲೇ ಮಾತಾಡಿಕೊಳ್ಳುವುದು ಲೇಸು.