ಅಕ್ಕಿ ರೊಟ್ಟಿಗೆ ‘ರೈಸ್ ಫ್ಲಾಟ್‌ಬ್ರೆಡ್’ ಎಂದು ಹೆಸರಿಟ್ಟವರು ಯಾರು?

ಕನ್ನಡಿಗರೇ, 2024ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಅಂಗಡಿ ಬೋರ್ಡುಗಳಲ್ಲಿ ಶೇಕಡಾ 60 ಕನ್ನಡ ಕಡ್ಡಾಯವಾಯಿತು. ಸರಿ. ಆದರೆ ಬೋರ್ಡೇ ಇಲ್ಲದ ಹೋಟೆಲಿಗೆ ಏನು ಮಾಡುತ್ತೀರಿ?

ಅದರ ಹೆಸರು ಕ್ಲೌಡ್ ಕಿಚನ್. ಮೇಜಿಲ್ಲ, ಕುರ್ಚಿಯಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ. ಯಾವುದೋ ಗಲ್ಲಿಯ ಗೋಡೌನಿನಲ್ಲಿ ಒಲೆ ಉರಿಯುತ್ತದೆ, ಬೈಕಿನ ಹುಡುಗ ಪೊಟ್ಟಣ ತರುತ್ತಾನೆ. ಗಿರಾಕಿಗೆ ಕಾಣುವುದು ಎರಡೇ: ಮೊಬೈಲಿನಲ್ಲಿ ಒಂದು ಫೋಟೊ, ಅದರ ಕೆಳಗೆ ಎರಡು ಸಾಲು. ಆ ಎರಡು ಸಾಲೇ ಅವರ ಬೋರ್ಡು, ಅವರ ಮಾಣಿ, ಅವರ ಅಡುಗೆಯ ವಾಸನೆ. ಅಲ್ಲಿ ಕನ್ನಡ ಎಷ್ಟಿದೆ?

ಮೊನ್ನೆ ಇಂಥ ಒಂದು ಕಿಚನ್ನಿನವರು ಡಬ್ಬಿಗೆ ಅಂಟಿಸುವ ಸ್ಟಿಕ್ಕರ್ ಅಚ್ಚು ಹಾಕಿಸಲು ನಮ್ಮ ಪ್ರೆಸ್ಸಿಗೆ ಬಂದಿದ್ದರು. ಪಟ್ಟಿಯ ಮೊದಲ ಸಾಲೇ ‘ಸೌತ್ ಇಂಡಿಯನ್ ರೈಸ್ ಫ್ಲಾಟ್‌ಬ್ರೆಡ್’. ಅದರ ಕೆಳಗೆ ‘ಬಾಯಲ್ಲಿ ನೀರೂರಿಸುವ ಅಥೆಂಟಿಕ್ ರುಚಿ’ ಎಂದು ಇಂಗ್ಲಿಷಿನಲ್ಲೇ. ಫೋಟೊ ಎಲ್ಲಿಂದಲೋ ಇಳಿಸಿಕೊಂಡದ್ದು: ಬೆಳ್ಳಗಿನ, ತೆಳ್ಳಗಿನ, ಏನೂ ಬೆರೆಸದ ರೊಟ್ಟಿ. ಅವರು ಕಳಿಸುತ್ತಿದ್ದದ್ದು ಈರುಳ್ಳಿ, ಸಬ್ಬಸಿಗೆ ಸೊಪ್ಪು ಬೆರೆಸಿ ತಟ್ಟಿದ ನಮ್ಮ ಕಡೆಯ ರೊಟ್ಟಿ!

ಇದು ಬರೀ ಭಾಷಾಭಿಮಾನದ ಮಾತಲ್ಲ ಸ್ವಾಮಿ, ವ್ಯಾಪಾರದ ಮಾತು. ಕೊಡಗಿನ ಅಕ್ಕಿ ರೊಟ್ಟಿ ಅನ್ನ ಮತ್ತು ಅಕ್ಕಿ ಹಿಟ್ಟು ನಾದಿ ಮಾಡುವಂಥದ್ದು, ಬಿಳಿಯಾಗಿ ಮೆತ್ತಗಿರುತ್ತದೆ. ಮೈಸೂರು ಬೆಂಗಳೂರು ಕಡೆಯದು ಕಾವಲಿಯ ಮೇಲೆ ತಟ್ಟಿದ್ದು, ಅಂಚು ಗರಿಗರಿ. ‘ಫ್ಲಾಟ್‌ಬ್ರೆಡ್’ ಎಂದರೆ ಎರಡೂ ಒಂದೇ. ಕೊಡಗಿನವನು ಫೋಟೊ ನೋಡಿ ತರಿಸಿ, ಈರುಳ್ಳಿ ಕಂಡು ಹಣ ವಾಪಸ್ ಕೇಳಿದರೆ ತಪ್ಪು ಯಾರದು? ‘ತಟ್ಟಿದ’ ಎಂಬ ಒಂದೇ ಕನ್ನಡ ಪದ ಇದ್ದಿದ್ದರೆ ಜಗಳವೇ ಇರುತ್ತಿರಲಿಲ್ಲ.

ನಾನು ಬರೆದುಕೊಟ್ಟ ಸಾಲು ಇದು: ‘ಅಕ್ಕಿ ರೊಟ್ಟಿ, 2. ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ ಹಾಕಿ ತಟ್ಟಿದ್ದು. ಜೊತೆಗೆ ಕಾಯಿ ಚಟ್ನಿ, ಬೆಣ್ಣೆ. ಖಾರ ಮಧ್ಯಮ.’ ಹೆಸರು ಮತ್ತು ಎಣಿಕೆ ಮೊದಲು ಬರಬೇಕು, ಏಕೆಂದರೆ ಸಣ್ಣ ಪರದೆಯಲ್ಲಿ ಸಾಲಿನ ಬಾಲ ಕತ್ತರಿಸಿಹೋಗುತ್ತದೆ. ಚಟ್ನಿಗೆ ಕಡಲೆಕಾಯಿ ಬೀಜ ಹಾಕಿದ್ದರೆ ಅದನ್ನು ಹೇಳಲೇಬೇಕು, ಅದು ಮೈಗೆ ಒಗ್ಗದವರಿದ್ದಾರೆ. ‘ಬಾಯಲ್ಲಿ ನೀರೂರಿಸುವ’ ಎಂದು ಎಲ್ಲ ತಿಂಡಿಗೂ ಬರೆದರೆ ಯಾವ ತಿಂಡಿಯ ಬಗ್ಗೆಯೂ ಏನೂ ಹೇಳಿದ ಹಾಗಾಗುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರಿಗೆ akki rotti ಎಂದು ಪಕ್ಕದಲ್ಲೇ ಇರಲಿ, ನನ್ನ ತಕರಾರಿಲ್ಲ. ಅಕ್ಷರ ಬದಲಾಗಲಿ, ಹೆಸರು ಬದಲಾಗಬಾರದು.

ಇನ್ನು ಫೋಟೊ. ರೊಟ್ಟಿ ಚಪ್ಪಟೆ ಪದಾರ್ಥ, ಅದನ್ನು ನೇರ ಮೇಲಿನಿಂದ ತೆಗೆಯಬೇಕು. ಬಟ್ಟಲಿನ ಬಿಸಿಬೇಳೆ ಬಾತಿಗೆ ಓರೆಯಾಗಿ, ಊಟಕ್ಕೆ ಕುಳಿತವನ ಕಣ್ಣಿನ ಎತ್ತರದಿಂದ. ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಪಕ್ಕ ತಟ್ಟೆ ಇಡಿ, ಎದುರು ಬದಿಗೆ ಬಿಳಿ ಥರ್ಮಾಕೋಲ್ ನಿಲ್ಲಿಸಿ, ನೆರಳು ತಿಳಿಯಾಗುತ್ತದೆ. ಕಿಟಕಿ ಬೆಳಕೂ ಟ್ಯೂಬ್‌ಲೈಟೂ ಬೆರೆತರೆ ತಟ್ಟೆಯ ಒಂದು ಬದಿಗೆ ಒಂದು ಬಣ್ಣ, ಇನ್ನೊಂದು ಬದಿಗೆ ಇನ್ನೊಂದು ಬಣ್ಣ ಬರಬಹುದು. ಕ್ಯಾಮೆರಾದ ಫ್ಲಾಷ್ ಹೊಡೆದರೆ ಬೆಣ್ಣೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ತಟ್ಟೆ, ಬೆಳಕು ಎಲ್ಲ ಸಿದ್ಧ ಮಾಡಿಕೊಂಡ ಮೇಲೆ ರೊಟ್ಟಿ ಕಾವಲಿಯಿಂದ ಇಳಿಯಲಿ. ಆರಿದ ರೊಟ್ಟಿ ಸೆಟೆದು ಬಿರುಕು ಬಿಡುತ್ತದೆ, ಬೆಣ್ಣೆ ಕರಗುವುದಿಲ್ಲ. ಎರಡು ರೊಟ್ಟಿ ಕಳಿಸುವವರು ತಟ್ಟೆಯಲ್ಲಿ ಎರಡನ್ನೇ ಇಡಿ. ಡಬ್ಬಿಯಲ್ಲಿ ಹೋಗದ ಚಟ್ನಿಪುಡಿ ಫೋಟೊದಲ್ಲಿ ಏಕೆ?

ಸುತ್ತಲೂ ಜಾಗ ಬಿಡಿ. ಒಂದು ಕಡೆ ಚೌಕಕ್ಕೆ, ಇನ್ನೊಂದು ಕಡೆ ಅಗಲಕ್ಕೆ ಕತ್ತರಿಸುತ್ತಾರೆ, ರೊಟ್ಟಿಯ ಅಂಚೇ ಹಾರಿಹೋಗುತ್ತದೆ. ಪ್ರೆಸ್ಸಿನಲ್ಲಿ ನಾವು ಪ್ರೂಫನ್ನು ಅಚ್ಚಾಗುವ ಅಳತೆಯಲ್ಲೇ ನೋಡುತ್ತೇವೆ. ನೀವೂ ಫೋಟೊವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿ. ಅದು ರೊಟ್ಟಿ ಎಂದು ಗೊತ್ತಾಗದಿದ್ದರೆ ಮತ್ತೆ ತೆಗೆಯಿರಿ.

‘ಕನ್ನಡ ಹಾಕಿದರೆ ಐಟಿಯವರಿಗೆ ಅರ್ಥವಾಗಲ್ಲ ಸಾರ್’ ಎಂದರು ಆ ಯಜಮಾನರು. ಏನ್ರೀ ಇದು! ಪಿಜ್ಜಾ ಮಾರುವವನು ಅದಕ್ಕೆ ‘ಗಿಣ್ಣಿನ ರೊಟ್ಟಿ’ ಎಂದು ಹೆಸರಿಟ್ಟು ಮಾರಿದನೇ? ಜನ ತಿಂದರು, ಹೆಸರು ಕಲಿತರು. ಮೋಮೊ ಎಂಬ ಹೆಸರನ್ನೂ ಹಾಗೇ ಕಲಿತರು. ನಮ್ಮ ಅಕ್ಕಿ ರೊಟ್ಟಿಗೆ ಮಾತ್ರ ದುಭಾಷಿ ಬೇಕೇ?

ಓದುಗರೇ, ಮುಂದಿನ ಸಲ ಪೊಟ್ಟಣ ಬಂದಾಗ ಬಿಚ್ಚಿ, ಮೊಬೈಲಿನ ಚಿತ್ರದ ಪಕ್ಕ ಇಡಿ. ಎಣಿಕೆ, ಗಾತ್ರ, ಜೊತೆಗಿನ ಚಟ್ನಿ ತಾಳೆ ನೋಡಿ. ತಾಳೆಯಾಗದಿದ್ದರೆ ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿದು ದೂರು ಕಳಿಸಿ. ದೂರು ಕನ್ನಡದಲ್ಲೇ ಬರೆಯಿರಿ, ತಿಂಡಿಯ ನಿಜವಾದ ಹೆಸರು ಹಾಕಿ.